ಇಲ್ಲದ ಅಂಗಡಿಯಿಂದ ಬಂದ ಕಬ್ಬಿಣ

ಜಿಎಸ್‌ಟಿ ಇಲಾಖೆಯಿಂದ ನೋಟಿಸ್ ಬಂದಿದೆ ಎಂದು ನಮಗೆ ಹೇಳಿದವರು ನಮ್ಮ ಆಡಿಟರ್. ತುಮಕೂರಿನ ಅವರ ಆಫೀಸಿನಿಂದ ಫೋನ್ ಬಂದಾಗ ನಾನು ಗುಬ್ಬಿಯ ನಮ್ಮ ವರ್ಕ್‌ಶಾಪಿನಲ್ಲಿ, ಕಡಬದಿಂದ ಬಂದಿದ್ದ ಗಿರಾಕಿಯೊಬ್ಬರ ಜೊತೆ ಕಿಟಕಿ ಗ್ರಿಲ್ಲಿನ ರೇಟಿಗೆ ಜಗಳವಾಡುತ್ತಿದ್ದೆ. ಜಗಳ ಎಂದರೆ ಜಗಳವೇ. ನಾನು ವ್ಯಾಪಾರ ಮಾಡುವ ರೀತಿ ಅದು. ನಮ್ಮ ಮನೆಯವರು ವೆಲ್ಡಿಂಗ್ ಮಾಡುತ್ತಾರೆ, ಶಟರ್ ಕೂರಿಸುತ್ತಾರೆ, ಯಾರ ಜೊತೆಗೂ ಎರಡನೇ ಮಾತಾಡುವುದಿಲ್ಲ. ಬಿಲ್ಲು, ಬ್ಯಾಂಕು, ಬಾಯಿ, ಮೂರೂ ನನ್ನ ಇಲಾಖೆ.

"ಮೇಡಂ, ನೀವು ಕುಣಿಗಲ್‌ನಿಂದ ಕಬ್ಬಿಣ ತಗೋತಿದ್ರಲ್ಲ, ಆ ಪಾರ್ಟಿ ರಿಜಿಸ್ಟ್ರೇಷನ್ ಕ್ಯಾನ್ಸಲ್ ಆಗಿದೆ" ಎಂದರು ಆಡಿಟರ್.

"ಆಗ್ಲಿ ಬಿಡಿ ಸಾರ್. ಅವ್ರು ವ್ಯಾಪಾರ ನಿಲ್ಲಿಸಿ ವರ್ಷವಾಯ್ತು."

"ಇವತ್ತಿನಿಂದ ಅಲ್ಲ ಮೇಡಂ. ಹಿಂದಿನ ತಾರೀಖಿಗೆ. ರಿಜಿಸ್ಟ್ರೇಷನ್ ತಗೊಂಡ ದಿನದಿಂದ್ಲೇ ಕ್ಯಾನ್ಸಲ್ ಮಾಡವ್ರೆ."

ನನಗೆ ಅರ್ಥವಾಗಲಿಲ್ಲ. ಹುಟ್ಟಿ ಬೆಳೆದು ನಮ್ಮೆದುರೇ ಓಡಾಡಿದ ಮನುಷ್ಯನನ್ನು ಹುಟ್ಟಿಯೇ ಇಲ್ಲ ಅಂದಂತಾಯಿತಲ್ಲ ಎಂದು ನಕ್ಕೆ. ಆಡಿಟರ್ ನಗಲಿಲ್ಲ. ಒಂದು ಸಲ ಬನ್ನಿ ಎಂದು ಫೋನ್ ಇಟ್ಟರು. ನಾನು ಗಿರಾಕಿ ಕೇಳಿದ ರೇಟಿಗೇ ಒಪ್ಪಿಬಿಟ್ಟೆ. ಅವರಿಗೇ ಅನುಮಾನ ಬಂದು ನಾಳೆ ಬರ್ತೀನಿ ಎಂದು ಹೊರಟುಹೋದರು.

ಲೆಕ್ಕ ಸರಳ. ಕಬ್ಬಿಣ ಕೊಳ್ಳುವಾಗ ಬೆಲೆಯ ಜೊತೆಗೆ ತೆರಿಗೆಯನ್ನೂ ಅಂಗಡಿಯವರ ಕೈಗೇ ಕೊಡುತ್ತೇವೆ. ಅದನ್ನು ಅವರು ಸರ್ಕಾರಕ್ಕೆ ಕಟ್ಟಬೇಕು. ನಾವು ಶಟರ್ ಮಾಡಿ ಮಾರಿದಾಗ ನಮ್ಮ ತೆರಿಗೆಯಲ್ಲಿ ಆ ಮೊದಲೇ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಕಟ್ಟುತ್ತೇವೆ. ಹಾಗೆ ಕಳೆದುಕೊಳ್ಳುವುದಕ್ಕೆ ಇನ್‌ಪುಟ್ ಕ್ರೆಡಿಟ್ ಎನ್ನುತ್ತಾರೆ. ಈಗ ನೋಟಿಸ್ ಹೇಳುತ್ತಿದ್ದುದು ಇಷ್ಟು: ನೀವು ಕೊಂಡ ಅಂಗಡಿ ಯಾವತ್ತೂ ಇರಲೇ ಇಲ್ಲ, ಆದ್ದರಿಂದ ನೀವು ಸರಕು ಕೊಂಡಿಲ್ಲ, ಬರೀ ಬಿಲ್ಲು ಕೊಂಡಿದ್ದೀರಿ. ಎರಡು ವರ್ಷ ಕಳೆದುಕೊಂಡ ಕ್ರೆಡಿಟ್ ವಾಪಸ್ ಕಟ್ಟಿ, ಬಡ್ಡಿ ಕಟ್ಟಿ, ಮೋಸ ಮಾಡಿದ್ದಕ್ಕೆ ತೆರಿಗೆಯಷ್ಟೇ ದಂಡವನ್ನೂ ಕಟ್ಟಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದು ನಮ್ಮತ್ತೆ ಯಾವಾಗಲೂ ಹೇಳುತ್ತಿದ್ದರು. ಅದು ಸರ್ಕಾರದ ಪದ್ಧತಿಯೂ ಹೌದೆಂದು ಆವತ್ತು ತಿಳಿಯಿತು.

ಅಷ್ಟನ್ನೂ ಕಟ್ಟಿದರೆ ಶಟರ್ ಪಟ್ಟಿ ಮಡಿಸುವ ಮೆಷಿನ್ ಮಾರಬೇಕಾಗುತ್ತಿತ್ತು. ಆ ಮೆಷಿನ್ ಹೋದರೆ ವರ್ಕ್‌ಶಾಪ್ ಹೋದ ಹಾಗೆ. ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗೆ ವೆಲ್ಡಿಂಗ್ ಮಾಡುತ್ತಿದ್ದ ಕಾಲಕ್ಕೆ ನಮ್ಮ ಮನೆಯವರು ವಾಪಸ್ ಹೋಗಬೇಕು. ಅವರು ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ನನಗೆ ಅದನ್ನು ನೋಡಿ ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನು ಮಾತ್ರ ತೋರಿಸಿದೆ.

ಆ ಕಬ್ಬಿಣದ ಯಜಮಾನರನ್ನು ನಾವು ಅಣ್ಣ ಎನ್ನುತ್ತಿದ್ದೆವು. ನಮ್ಮ ಮನೆಯವರು ಸ್ವಂತ ವರ್ಕ್‌ಶಾಪ್ ಹಾಕಿದಾಗ ತುಮಕೂರಿನ ಒಬ್ಬ ವ್ಯಾಪಾರಿಯೂ ಉದ್ದರಿ ಕೊಡಲಿಲ್ಲ. ಅಣ್ಣ ಕೊಟ್ಟರು. "ಕೆಲ್ಸ ಬಲ್ಲವ್ನಿಗೆ ಕಬ್ಬಿಣ ಕೊಟ್ರೆ ಅದು ಎಲ್ಲಿಗೂ ಓಡೋಗಲ್ಲ" ಎಂದಿದ್ದರು. ಆಮೇಲೆ ನಮ್ಮ ಕೈ ಗಟ್ಟಿಯಾಯಿತು, ಬ್ಯಾಂಕಿನ ಮೂಲಕವೇ ಹಣ ಹೋಗತೊಡಗಿತು, ಆದರೂ ಅಂಗಡಿ ಬದಲಿಸಲಿಲ್ಲ. ಪೈಪು, ಆಂಗಲ್, ಶೀಟು, ಎಲ್ಲ ಅವರಿಂದಲೇ.

ಅವರ ರಿಜಿಸ್ಟ್ರೇಷನ್ ಇದ್ದದ್ದು ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮಳಿಗೆಯ ವಿಳಾಸಕ್ಕೆ. ಬಿಲ್ಲಿನ ನೆತ್ತಿಯ ಮೇಲೂ ಅದೇ ವಿಳಾಸ. ಆದರೆ ಆ ಮಳಿಗೆಯಲ್ಲಿ ಒಂದು ಪೈಪನ್ನು ಅಡ್ಡ ಇಡಲೂ ಜಾಗವಿರಲಿಲ್ಲ. ಮಾಲು ಇದ್ದದ್ದು, ನಮ್ಮ ಗಾಡಿ ತುಂಬುತ್ತಿದ್ದದ್ದು ಅಮೃತೂರಿನಲ್ಲಿ, ಅವರ ತೆಂಗಿನ ತೋಟದ ಮಗ್ಗುಲಿನ ಶೆಡ್ಡಿನಲ್ಲಿ. ಶೆಡ್ಡನ್ನೂ ವ್ಯಾಪಾರದ ಜಾಗವೆಂದು ರಿಜಿಸ್ಟ್ರೇಷನ್ನಿಗೆ ಸೇರಿಸಬೇಕಿತ್ತು. ಸೇರಿಸಿದರೆ ಪಂಚಾಯ್ತಿ ಟ್ಯಾಕ್ಸು, ಕರೆಂಟು, ಒಂದಕ್ಕೊಂದು ಗಂಟುಬೀಳುತ್ತವೆ ಎಂದು ಅಣ್ಣ ಸೇರಿಸಲಿಲ್ಲ. ಕಬ್ಬಿಣದ ವ್ಯಾಪಾರದಲ್ಲಿ ಇದೇನು ದೊಡ್ಡ ವಿಷಯವಲ್ಲ ಎಂದು ನಾವೂ ಅಂದುಕೊಂಡಿದ್ದೆವು.

ಆಮೇಲೆ ಅಣ್ಣನಿಗೆ ಎದೆಯ ಆಪರೇಷನ್ ಆಯಿತು. ವ್ಯಾಪಾರ ನಿಂತಿತು, ಮಳಿಗೆಯ ಬಾಡಿಗೆ ಬಿಟ್ಟರು, ತಿಂಗಳ ತೆರಿಗೆ ಲೆಕ್ಕದ ರಿಟರ್ನ್ ಹಾಕುವುದನ್ನೂ ಬಿಟ್ಟರು. ತಿಂಗಳುಗಟ್ಟಲೆ ರಿಟರ್ನ್ ಬಾರದೆ ಇಲಾಖೆಯಿಂದ ನೋಟಿಸ್ ಹೋಯಿತು. ಅದು ಇಲಾಖೆಯ ವೆಬ್‌ಸೈಟಿನಲ್ಲಿ, ಪೋರ್ಟಲ್ಲಿನಲ್ಲಿ ಕೂತಿತ್ತು, ಅಣ್ಣ ಆಸ್ಪತ್ರೆಯಲ್ಲಿ ಮಲಗಿದ್ದರು. ಇನ್ಸ್‌ಪೆಕ್ಟರ್ ಮಳಿಗೆಗೆ ಹೋಗಿ ನೋಡಿದರೆ ಅಲ್ಲೊಬ್ಬ ಟೈಲರ್. ಇಲ್ಲಿ ಇಂಥ ವ್ಯಾಪಾರವೇ ಇಲ್ಲ ಎಂದು ವರದಿ ಬರೆದರು. ಮೊದಲ ದಿನದಿಂದಲೇ ರಿಜಿಸ್ಟ್ರೇಷನ್ ರದ್ದಾಯಿತು.

ಆಡಿಟರ್ ಉತ್ತರಕ್ಕೆ ಬೇಕಾದ ಕಾಗದಗಳನ್ನು ಹೇಳುತ್ತಾ ಹೋದರು. ಬಿಲ್ಲುಗಳು ಇದ್ದವು. ಬಿಲ್ಲಿನ ಹಣ ಅಣ್ಣನ ಖಾತೆಗೆ ಹೋದದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ನಾವು ಕೊಂಡ ದಿನಗಳಲ್ಲಿ ಅವರ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿತ್ತು, ನಮ್ಮ ಬಿಲ್ಲುಗಳೆಲ್ಲ ಅವರ ರಿಟರ್ನಿನಲ್ಲಿ ಹೋಗಿ ನಮ್ಮ ಪೋರ್ಟಲ್ಲಿನಲ್ಲಿ ಕಾಣಿಸಿಕೊಂಡಿದ್ದವು. "ಆದ್ರೆ ಈಗೀಗ ಅಷ್ಟು ಸಾಲಲ್ಲ" ಎಂದರು. "ಮಾಲು ನಿಜವಾಗ್ಲೂ ಬಂತು ಅಂತ ತೋರಿಸ್ಬೇಕು. ಆ ಹೊರೆ ನಮ್ಮ ಮೇಲೇನೇ. ಈ-ವೇ ಬಿಲ್ ಕೊಡಿ."

ಇರಲಿಲ್ಲ. ನಮ್ಮದೇ ಪುಟ್ಟ ಗೂಡ್ಸ್ ಗಾಡಿ. ಅದರಲ್ಲಿ ಹಿಡಿಸುವಷ್ಟೇ ತರುತ್ತಿದ್ದೆವು. ಒಂದು ಸಲದ ಮಾಲು ಐವತ್ತು ಸಾವಿರ ದಾಟಿದರೆ ಸಾಗಿಸುವ ಮೊದಲು ಪೋರ್ಟಲ್ಲಿನಲ್ಲಿ ಈ-ವೇ ಬಿಲ್ ಮಾಡಿಸಬೇಕು. ಆ ರಗಳೆ ಯಾಕೆ ಎಂದು ನಾವೇ ಅದರೊಳಗೆ ತೂಗಿಸಿಕೊಳ್ಳುತ್ತಿದ್ದೆವು. ಗುಬ್ಬಿ ಕಡೆ ಸಣ್ಣ ವರ್ಕ್‌ಶಾಪಿನವರೆಲ್ಲ ಹೀಗೇ. ಇದನ್ನು ಜಾಣತನ ಎಂದುಕೊಂಡಿದ್ದೆ ನಾನು.

"ಲಾರಿ ರಸೀದಿ?"

"ಸ್ವಂತ ಗಾಡಿ ಸಾರ್."

"ಮತ್ತೇನಿದೆ?"

ವೇಬ್ರಿಡ್ಜ್ ಚೀಟಿಗಳಿದ್ದವು. ಕಬ್ಬಿಣ ತೂಕದ ವ್ಯವಹಾರ. ಖಾಲಿ ಗಾಡಿ ಒಮ್ಮೆ, ತುಂಬಿದ ಗಾಡಿ ಒಮ್ಮೆ ತೂಗಿ, ಗಾಡಿ ನಂಬರು, ತಾರೀಖು, ವೇಳೆ ಅಚ್ಚಾದ ಚೀಟಿಯನ್ನು ಇಟ್ಟುಕೊಳ್ಳುವುದು ಪದ್ಧತಿ. ಅಣ್ಣನ ಮೇಲೆ ಎಷ್ಟು ನಂಬಿಕೆ ಇದ್ದರೂ ತೂಕ ತೂಕವೇ. ಆ ಚೀಟಿಗಳನ್ನೆಲ್ಲ ನಾನು ತಗಡಿನ ಡಬ್ಬದಲ್ಲಿ ಹಾಕಿ, ಬುದ್ಧಿವಂತೆಯಂತೆ, ವೆಲ್ಡಿಂಗ್ ಮಾಡುವ ಗೋಡೆಯ ಹತ್ತಿರವೇ ಇಟ್ಟಿದ್ದೆ. ಬಿಸಿ ತಗುಲಿದರೆ ಕಪ್ಪಾಗುವ ಕಾಗದ ಅದು, ಕಾವಿಗೆ ಮೇಲಿನ ಕಟ್ಟು ಪೂರ್ತಿ ಕಪ್ಪಾಗಿತ್ತು. ಒಂದಕ್ಷರ ಕಾಣುತ್ತಿರಲಿಲ್ಲ. ಅಡಿಯಲ್ಲಿದ್ದವು ಮಾತ್ರ ಉಳಿದಿದ್ದವು. ಅವೇ ಹೆಚ್ಚು, ದೇವರು ದೊಡ್ಡವನು.

ಆಡಿಟರ್ ಚೀಟಿಗಳನ್ನು ಓದಿ ಕನ್ನಡಕ ತೆಗೆದರು. "ಇದರ ಮೇಲೆಲ್ಲ ಅಮೃತೂರು ರೋಡ್ ಅಂತಿದೆಯಲ್ಲ ಮೇಡಂ. ಬಿಲ್ಲಲ್ಲಿ ಕುಣಿಗಲ್ ಬಸ್ ಸ್ಟ್ಯಾಂಡು. ಇವನ್ನ ಕೊಟ್ರೆ ಮಳಿಗೇಲಿ ವ್ಯಾಪಾರ ಇರ್ಲಿಲ್ಲ ಅಂತ ನಾವೇ ಒಪ್ಕೊಂಡಂಗಾಗುತ್ತೆ."

ಕೊಟ್ಟರೆ ಹಾಗೆ, ಕೊಡದಿದ್ದರೆ ಮಾಲು ಬಂತು ಎನ್ನಲು ಏನೂ ಇಲ್ಲ. ಅತ್ತ ದರಿ ಇತ್ತ ಪುಲಿ. ಮೊದಲು ಅಣ್ಣನ ರಿಟರ್ನ್ ಪ್ರತಿಗಳನ್ನು ತನ್ನಿ, ಅವರು ತೆರಿಗೆ ಕಟ್ಟಿದ್ದಕ್ಕೆ ಅದೇ ಆಧಾರ, ಚೀಟಿ ವಿಷಯ ಆಮೇಲೆ ನೋಡೋಣ ಎಂದರು ಆಡಿಟರ್.

ಅಮೃತೂರಿಗೆ ಹೋದೆವು. ಅಣ್ಣ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಳು ಅರ್ಧವಾಗಿದ್ದರು. ವಿಷಯ ಕೇಳಿ ಅವರೇ ನಮಗಿಂತ ಹೆಚ್ಚು ನೊಂದುಕೊಂಡರು. "ನಾನು ಒಂದು ತಿಂಗ್ಳೂ ಬಿಡ್ದಂಗೆ ಟ್ಯಾಕ್ಸ್ ಕಟ್ಟಿವ್ನಿ ಕಣಮ್ಮ. ನೀವು ಕೊಟ್ಟ ದುಡ್ಡಲ್ಲಿ ಒಂದು ಪೈಸೆ ಇಟ್ಕೊಂಡಿಲ್ಲ" ಎಂದರು. ಎದ್ದುಹೋಗಿ, ರಿಟರ್ನುಗಳು ಮತ್ತು ಹಣ ಕಟ್ಟಿದ ಚಲನ್‌ಗಳ ಫೈಲ್ ತಂದು, ಒಂದೊಂದರ ಮೇಲೂ ಸಹಿ ಹಾಕಿ ಕೊಟ್ಟರು.

ನಾವು ಹೊರಡುವಾಗ ನಮ್ಮ ಮನೆಯವರ ಭುಜ ಹಿಡಿದುಕೊಂಡರು. "ಒಂದೇ ಮಾತು ಕಣಪ್ಪ. ಶೆಡ್ ವಿಷ್ಯ ಮಾತ್ರ ಎತ್ಬ್ಯಾಡಿ. ನಂಗೀಗ ಆಫೀಸು ಅಲೆಯೋ ತ್ರಾಣ ಇಲ್ಲ."

"ಇಲ್ಲ ಬಿಡಣ್ಣ. ನಮ್ಮ ಬಾಯಿಂದ ಬರಲ್ಲ" ಎಂದರು ನಮ್ಮ ಮನೆಯವರು.

ನಾನು ಸುಮ್ಮನಿದ್ದದ್ದನ್ನು ಅಣ್ಣ ಗಮನಿಸಿದರು ಎಂದು ನನಗೆ ಆಗಲೇ ಗೊತ್ತಿತ್ತು.

ವಾಪಸ್ ಬರುವಾಗ, ಹೆಬ್ಬೂರು ದಾಟಿದ ಮೇಲೆ, ನಾನೇ ಮಾತು ತೆಗೆದೆ. "ಚೀಟಿ ಕೊಡ್ದೆ ಇದ್ರೆ ನಾವು ಕಳ್ಳಬಿಲ್ಲಿನವ್ರು ಅಂತ ಬರ್ಕೋತಾರೆ ರೀ."

"ಬೇರೆ ಏನಾದ್ರೂ ನೋಡಣ."

"ಬೇರೆ ಏನಿದೆ? ಹೇಳಿ."

"ಅವ್ರು ಅನ್ನ ಕೊಟ್ಟೋರು ಕಣೇ" ಎಂದರು. ಅದು ನಿಜವೆಂದು ಗೊತ್ತಿದ್ದದ್ದಕ್ಕೇ ನನಗೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಕೊನೆಗೆ ಚೀಟಿಗಳಿಲ್ಲದೆಯೇ ಉತ್ತರ ಹೋಯಿತು. ಆಡಿಟರ್ ಚೆನ್ನಾಗಿಯೇ ಬರೆದಿದ್ದರು. ಕೊಳ್ಳುವಾಗ ರಿಜಿಸ್ಟ್ರೇಷನ್ ಜೀವಂತವಿತ್ತು, ಪೋರ್ಟಲ್ ನೋಡಿಯೇ ಕೊಂಡಿದ್ದೇವೆ, ಆಮೇಲೆ ರದ್ದಾಗುತ್ತದೆಂದು ಕೊಳ್ಳುವವನು ಕನಸು ಕಾಣಲಾಗದು, ಹಣ ಬ್ಯಾಂಕಿನಿಂದ ಹೋಗಿದೆ, ತೆರಿಗೆ ಸರ್ಕಾರಕ್ಕೆ ತಲುಪಿದೆ, ಅದೇ ಕಬ್ಬಿಣದಿಂದ ಮಾಡಿದ ಶಟರ್‌ಗಳನ್ನು ಮಾರಿ ಅದಕ್ಕೂ ತೆರಿಗೆ ಕಟ್ಟಿದ್ದೇವೆ. ಹಿಂದಿನ ತಾರೀಖಿನ ರದ್ದತಿ ಒಂದನ್ನೇ ಹಿಡಿದು ಕ್ರೆಡಿಟ್ ಕಿತ್ತುಕೊಳ್ಳಬಾರದು ಎಂದ ಹೈಕೋರ್ಟ್ ತೀರ್ಪುಗಳನ್ನೂ ಸೇರಿಸಿದ್ದರು. ಆದೇಶಕ್ಕೆ ಮೊದಲು ನಮ್ಮ ಮಾತನ್ನೂ ಕೇಳಬೇಕು ಎಂದು ಕೊನೆಯಲ್ಲಿ ಬರೆದರು. ವಿಚಾರಣೆಗೆ ದಿನ ಗೊತ್ತಾಯಿತು.

ಅದಕ್ಕೆ ಮೊದಲು ಆಡಿಟರ್‌ಗೆ ಪರಿಚಯದ ಏಜೆಂಟನೊಬ್ಬ ನನಗೆ ಫೋನ್ ಮಾಡಿದ. ಬೇಕಾದ ತಾರೀಖಿಗೆ ಬೇಕಾದಷ್ಟು ಲಾರಿ ರಸೀದಿ ಮಾಡಿಕೊಡುತ್ತೇನೆ ಎಂದ. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ನಿಜವಾದ ಚೀಟಿ ಡಬ್ಬದಲ್ಲಿಟ್ಟುಕೊಂಡು ಸುಳ್ಳು ಚೀಟಿ ಕೊಳ್ಳುವ ಮಾತನ್ನು ಕೇಳುವ ಹಾಗಾಯಿತಲ್ಲ ಎನ್ನಿಸಿತು. ವಿಚಾರಣೆಯ ದಿನ ಬೆಳಿಗ್ಗೆ, ಯಾರಿಗೂ ಹೇಳದೆ, ಓದಲು ಬರುವ ಚೀಟಿಗಳನ್ನೆಲ್ಲ ಬಿಲ್ಲುಗಳ ಜೊತೆ ಜೋಡಿಸಿ, ಕಪ್ಪಾದವನ್ನೂ, ನಮ್ಮ ಗಾಡಿಯ ಆರ್‌ಸಿ ಪ್ರತಿಯನ್ನೂ ಸೇರಿಸಿ ಬ್ಯಾಗಿಗೆ ಹಾಕಿಕೊಂಡೆ. ಹೇಗೂ ಕೇಳಲಿಕ್ಕಿಲ್ಲ, ಕೇಳಿದರೆ ನೋಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ.

ತುಮಕೂರಿನ ಆ ಆಫೀಸಿನಲ್ಲಿ ಅಧಿಕಾರಿ ಒಬ್ಬ ಹೆಂಗಸು. ನನಗಿಂತ ಚಿಕ್ಕವರು. ಕೂಗಾಡುವವರಾಗಿದ್ದರೆ ನನಗೆ ಸುಲಭವಿತ್ತು. ಇವರು ಮೆಲ್ಲಗೆ, ಮರ್ಯಾದೆಯಿಂದ ಕೇಳುತ್ತಿದ್ದರು. ಆಡಿಟರ್ ತಮ್ಮ ವಾದವನ್ನೆಲ್ಲ ಹೇಳುವವರೆಗೂ ಬರೆದುಕೊಂಡರು. ರಿಟರ್ನ್ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಿದರು.

"ಟ್ಯಾಕ್ಸ್ ಕಟ್ಟಿರೋದು ಸರಿಯಾಗಿದೆ" ಎಂದರು. ನನ್ನ ಜೀವ ಒಂದು ಗಳಿಗೆ ಹಗುರವಾಯಿತು. "ಆದ್ರೆ ಸಾರ್, ಮಾಲು ಬಂದಿದ್ದಕ್ಕೆ ನೀವೇನೂ ಕೊಟ್ಟಿಲ್ಲ. ಬಿಲ್ ಓಡಾಡಿದೆ, ದುಡ್ಡು ಓಡಾಡಿದೆ. ಬರೀ ಬಿಲ್ ಮಾಡೋರೂ ಇಷ್ಟನ್ನ ನೀಟಾಗೇ ಮಾಡ್ತಾರೆ. ಕಬ್ಬಿಣ ಓಡಾಡಿದ್ದು ಎಲ್ಲಿ?" ಆಮೇಲೆ ನಮ್ಮ ಮನೆಯವರ ಕಡೆ ತಿರುಗಿದರು. "ನೀವೇ ಹೋಗಿ ತರ್ತಿದ್ರಾ?"

"ಹೂಂ ಮೇಡಂ."

"ಎಲ್ಲಿ ಲೋಡ್ ಮಾಡ್ತಿದ್ರಿ?"

ನಮ್ಮ ಮನೆಯವರು ನೆಲ ನೋಡಿದರು. "ಕುಣಿಗಲ್. ಬಸ್ ಸ್ಟ್ಯಾಂಡ್ ಹತ್ರದ ಅಂಗ್ಡೀಲಿ."

ಮೇಡಂ ಫೈಲಿನಿಂದ ಒಂದು ಹಾಳೆ ತೆಗೆದು ನಮ್ಮ ಕಡೆ ತಿರುಗಿಸಿದರು. ಇನ್ಸ್‌ಪೆಕ್ಟರ್ ವರದಿ. ಮಳಿಗೆಯ ಮಾಲೀಕರ ಹೇಳಿಕೆ, ಒಳಗಿನ ಫೋಟೊ. "ಈ ಮಳಿಗೇಲಿ ಒಂದು ಮೇಜು ಹಾಕಿದ್ರೆ ಇಬ್ರು ನಿಲ್ಲೋಕಾಗಲ್ಲ. ಇಲ್ಲಿ ಕಬ್ಬಿಣ ಇಟ್ಟಿದ್ದನ್ನ ನೋಡೇ ಇಲ್ಲ ಅಂತ ಮಾಲೀಕರು ಬರ್ಕೊಟ್ಟವ್ರೆ. ಇಲ್ಲಿ ಲೋಡ್ ಮಾಡಿದ್ರಿ ಅಂತ ನಾನು ನಿಮ್ಮ ಹೇಳಿಕೆ ಬರ್ಕೊಳ್ಲಾ?"

ಪೆನ್ನು ಹಿಡಿದೇ ಕೂತಿದ್ದರು. ಆಡಿಟರ್ ಕೆಮ್ಮಿದರು. ಆ ಹೇಳಿಕೆ ಬರೆದಾದರೆ ಸುಳ್ಳೂ ನಮ್ಮದೇ, ಮೋಸವೂ ನಮ್ಮದೇ ಆಗುತ್ತಿತ್ತು. ಹೂಂ ಎಂದುಬಿಡುತ್ತಾರೆ ಈ ಮನುಷ್ಯ ಎಂದು ನನಗೆ ಗೊತ್ತಾಯಿತು. ಕೊಟ್ಟ ಮಾತಿಗೆ ವರ್ಕ್‌ಶಾಪನ್ನೇ ಬಿಟ್ಟುಕೊಡುವ ಜಾತಿಯವರು ಅವರು. ಆ ಜಾತಿಯವರನ್ನು ಕಟ್ಟಿಕೊಂಡವರು ಬೇರೆ ಜಾತಿಯವರಾಗಬೇಕಾಗುತ್ತದೆ.

"ಬರ್ಕೋಬೇಡಿ ಮೇಡಂ" ಎಂದೆ. ಬ್ಯಾಗು ತೆಗೆದು ಚೀಟಿಗಳನ್ನು ಮೇಜಿನ ಮೇಲಿಟ್ಟೆ. "ಕುಣಿಗಲ್‌ನಲ್ಲಿ ತುಂಬಲಿಲ್ಲ. ಅಮೃತೂರಲ್ಲಿ ಅವರ ಶೆಡ್ ಐತೆ. ಅಲ್ಲಿ ತುಂಬಿ, ಅಲ್ಲೇ ತೂಗ್ಸಿ, ಗುಬ್ಬಿಗೆ ತಂದ್ವಿ. ಗಾಡಿ ನಮ್ದೇ. ಆರ್‌ಸಿ ಇಲ್ಲಿದೆ."

ನಮ್ಮ ಮನೆಯವರು ನನ್ನ ಕಡೆ ನೋಡಲಿಲ್ಲ.

ಮೇಡಂ ಒಂದೊಂದೇ ಚೀಟಿಯನ್ನು ಬಿಲ್ಲಿನ ಪಕ್ಕ ಇಟ್ಟು ತಾರೀಖು, ಗಾಡಿ ನಂಬರು, ತೂಕ ಹೋಲಿಸಿದರು. ಉಳಿದ ಬಿಲ್ಲುಗಳ ಚೀಟಿ ಎಲ್ಲಿ ಎಂದರು. ಕಪ್ಪಾದವನ್ನು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟರು. "ಇದನ್ನ ಮೊದ್ಲೇ ಯಾಕೆ ಕೊಡ್ಲಿಲ್ಲ?" ಎಂದು ಕೇಳಿದರು. ಆಡಿಟರ್ ಏನೋ ಹೇಳಲು ಹೋದರು. "ಅವರು ನಮಗೆ ಬೇಕಾದವರು ಮೇಡಂ" ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೇನೂ ಕೇಳಲಿಲ್ಲ. ಹೇಳಿಕೆ ಟೈಪಾಗಿ ಬಂತು. ಅದರಲ್ಲಿ ಅಮೃತೂರಿನ ಶೆಡ್ ಎಲ್ಲಿದೆ, ಯಾರದು ಎಂಬುದೆಲ್ಲ ಇತ್ತು. ನಾನು ಸಹಿ ಹಾಕಿದೆ.

ಗುಬ್ಬಿಗೆ ಬರುವವರೆಗೂ ನಮ್ಮ ಮನೆಯವರು ಒಂದೇ ಮಾತು ಹೇಳಿದ್ದು. "ನೀನು ಮಾತು ಕೊಟ್ಟಿರ್ಲಿಲ್ಲ. ನಾನು ಕೊಟ್ಟಿದ್ದೆ."

ಆದೇಶ ಬರುವವರೆಗಿನ ದಿನಗಳು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ. ಬಂದಾಗ ಆಡಿಟರ್ ಫೋನಿನಲ್ಲಿ ಓದಿ ಹೇಳಿದರು. ಚೀಟಿ ಓದಲು ಬರುವ ಬಿಲ್ಲುಗಳ ಕ್ರೆಡಿಟ್ ಎಲ್ಲ ಉಳಿಯಿತು. ಮೋಸದ ಆರೋಪ ಬಿದ್ದುಹೋಯಿತು, ಅದರ ಜೊತೆಗೆ ತೆರಿಗೆಯಷ್ಟೇ ದಂಡ ಹಾಕುವ ಮಾತೂ ಬಿತ್ತು. ಕಪ್ಪಾದ ಚೀಟಿಗಳ ಬಿಲ್ಲಿನಷ್ಟಕ್ಕೆ ಮಾತ್ರ ತೆರಿಗೆ, ಬಡ್ಡಿ, ಸಣ್ಣ ದಂಡ. ಅದಕ್ಕೂ ಅಪೀಲು ಹೋಗಬಹುದು ಎಂದರು ಆಡಿಟರ್. ಸಾಕು ಸಾರ್, ಕಟ್ಟಿಬಿಡ್ತೀವಿ ಎಂದೆ. ಮೆಷಿನ್ ಉಳಿಯಿತು. ನಮ್ಮ ಮನೆಯವರು ಅದರ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಮೆಷಿನ್ನಿನ ಮೇಲೆ ಒಮ್ಮೆ ಕೈಯಿಟ್ಟು, ಊರ್ಡಿಗೆರೆಯ ಅಂಗಡಿಗೆ ಕೊಡಬೇಕಿದ್ದ ಶಟರ್ ಕೆಲಸಕ್ಕೆ ಹೋದರು.

ನಾನೊಬ್ಬಳೇ ಬಸ್ಸಿನಲ್ಲಿ ಅಮೃತೂರಿಗೆ ಹೋದೆ. ನಾನೇ ಹೇಳಬೇಕು, ಬೇರೆಯವರ ಬಾಯಿಂದ ತಿಳಿಯಬಾರದು ಎಂದಿತ್ತು. ತಡವಾಗಿತ್ತು. ಇಬ್ಬರು ಬಂದು ಶೆಡ್ ಅಳತೆ ಮಾಡಿಕೊಂಡು, ಫೋಟೊ ತೆಗೆದುಕೊಂಡು ಹೋಗಿದ್ದರು. ತೋರಿಸದ ಗೋಡೌನ್ ಇಟ್ಟಿದ್ದಕ್ಕೆ ಅಣ್ಣನಿಗೆ ನೋಟಿಸ್ ಬಂದಿತ್ತು. ಅದು ಅವರ ತೊಡೆಯ ಮೇಲೇ ಇತ್ತು. ಅಣ್ಣ ನನ್ನನ್ನು ಕೂರಲು ಹೇಳಿದರು. ಅತ್ತಿಗೆ ಒಳಗಿನಿಂದ ಹೊರಗೆ ಬರಲಿಲ್ಲ.

ಅಲ್ಲಿ ಏನಾಯಿತು, ಯಾಕೆ ಹೇಳಿದೆ ಎಂದು ಎಲ್ಲವನ್ನೂ ಹೇಳಿದೆ. ನಿಮ್ಮ ಉತ್ತರವನ್ನು ನಮ್ಮ ಆಡಿಟರ್ ಕೈಲೇ ಬರೆಸುತ್ತೇನೆ, ಆಫೀಸಿಗೆ ನಾನು ಅಲೆಯುತ್ತೇನೆ, ನೀವು ಸಹಿ ಹಾಕಿದರೆ ಸಾಕು ಎಂದೆ. ಬಾಯಿಯೇ ನನ್ನ ಬಂಡವಾಳ. ಆವತ್ತು ಅದು ಎಷ್ಟು ಓಡಿದರೂ ಎಲ್ಲಿಗೂ ಮುಟ್ಟಲಿಲ್ಲ.

ಅಣ್ಣ ಪೂರ್ತಿ ಕೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗಿ ಬರುತ್ತಿದ್ದೆ.

"ನೀನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಕಣಮ್ಮ" ಎಂದರು. "ಹೇಳ್ದೆ ಇದ್ರೆ ಅವ್ನು ಮುಳುಗ್ತಿದ್ದ, ಅದೂ ಗೊತ್ತು ನಂಗೆ. ಆದ್ರೆ ನಾಳೆ ಮೇಡಂ ನನ್ನ ಕೂರ್ಸಿ, ಈ ಶೆಡ್ ನಂದು ಅಂತ ಬರ್ಕೊಟ್ಟೋರ ಹೇಳಿಕೆ ಓದ್ತಾರಲ್ಲ, ಆವಾಗ ನಾನು ಯಾರ ಹೆಸರು ಕೇಳ್ಬೇಕು ಹೇಳು."

"ಅಣ್ಣ..." ಎಂದೆ ನಾನು. ಅವರು ನೋಟಿಸನ್ನು ಮಡಿಸಿ ಕುರ್ಚಿಯ ಪಕ್ಕದಲ್ಲಿಟ್ಟರು.

"ಬಸ್ಸಿಗೆ ಹೊತ್ತಾಗುತ್ತೆ. ಹೊರಡಮ್ಮ" ಎಂದರು.